ಒಂಬತ್ತು ಮಂದಿಯ ಬೇಲಿ

ಕ್ರಿಕೆಟ್ ಮೈದಾನ ವಿಶಾಲವಾದುದು. ಅದನ್ನು ಕಾಯಲು ನಾಯಕನಿಗೆ ದೊರೆಯುವವರು ಒಂಬತ್ತೇ ಮಂದಿ. ತಂಡದಲ್ಲಿ ಹನ್ನೊಂದು ಜನರಿದ್ದರೂ ಒಬ್ಬನು ಚೆಂಡನ್ನು ಎಸೆಯುವವನು, ಇನ್ನೊಬ್ಬನು ವಿಕೆಟ್ ಕೀಪರ್. ಉಳಿದ ಒಂಬತ್ತು ಮಂದಿಯನ್ನು ಎಷ್ಟು ಜಾಣತನದಿಂದ ನಿಲ್ಲಿಸಿದರೂ ಮೈದಾನದ ಬಹುಭಾಗ ಬರಿದಾಗಿಯೇ ಉಳಿಯುತ್ತದೆ. ಆದುದರಿಂದ ಕ್ಷೇತ್ರರಕ್ಷಣೆಯ ವ್ಯೂಹವನ್ನು ರಚಿಸುವುದೆಂದರೆ ಎಲ್ಲಿ ಕಾವಲು ಹಾಕಬೇಕೆಂಬುದನ್ನು ನಿರ್ಧರಿಸುವುದು ಮಾತ್ರವಲ್ಲ. ಯಾವ ಕಡೆಯನ್ನು ಬೇಕೆಂದೇ ತೆರೆದಿಡಬೇಕೆಂಬುದನ್ನು ನಿರ್ಧರಿಸುವುದು. ಸೀಮಿತ ಓವರುಗಳ ಆಟದಲ್ಲಿ ನಿಯಮವು ಈ ಕೆಲಸವನ್ನು ಮತ್ತಷ್ಟು ಕಠಿಣಗೊಳಿಸಿದೆ. ಅದು ನಾಯಕನ ಕೈಗಳನ್ನು ಕಟ್ಟಿಹಾಕಿದೆ, ದಾಂಡಿಗನಿಗೆ ಅತಿಯಾದ ಅನುಕೂಲ ಮಾಡಿಕೊಟ್ಟಿದೆ ಎಂದು ಹಲವರು ದೂರುವುದುಂಟು. ಈ ದೂರಿನಲ್ಲಿ ಸ್ವಲ್ಪ ಸತ್ಯವಿದೆ, ಪೂರ್ಣ ಸತ್ಯವಿಲ್ಲ. ಬೌಲರನನ್ನು ಕೇವಲ ಓಟಗಳನ್ನು ತಡೆಯುವ ಕಾವಲುಗಾರನಾಗಲು ಬಿಡದೆ, ವಿಕೆಟ್ಟುಗಳನ್ನು ಕೀಳುವವನನ್ನಾಗಿ ಉಳಿಸಿರುವುದೂ ಇದೇ ನಿಯಮವೇ ಎಂಬುದನ್ನು ಮರೆಯಲಾಗದು.

ಮೊದಲಿಗೆ ನಿಯಮವೇನೆಂಬುದನ್ನು ನೋಡೋಣ. ಪಿಚ್ಚಿನ ಎರಡೂ ತುದಿಗಳ ನಡುಗೂಟವನ್ನು ಕೇಂದ್ರವಾಗಿಟ್ಟುಕೊಂಡು 30 ಗಜ ತ್ರಿಜ್ಯದ ಒಂದೊಂದು ಅರ್ಧವೃತ್ತವನ್ನು ಎಳೆಯುತ್ತಾರೆ. ಈ ಎರಡು ಅರ್ಧವೃತ್ತಗಳನ್ನು ಸರಳರೇಖೆಗಳಿಂದ ಕೂಡಿಸಿದಾಗ ಮೊಟ್ಟೆಯಾಕಾರದ ಒಂದು ಆವರಣ ಉಂಟಾಗುತ್ತದೆ. ಇದೇ ಒಳವರ್ತುಲ. ಐವತ್ತು ಓವರುಗಳ ಅಂತರರಾಷ್ಟ್ರೀಯ ಪಂದ್ಯದಲ್ಲಿ ಮೊದಲ ಹತ್ತು ಓವರುಗಳವರೆಗೆ ಈ ವರ್ತುಲದ ಹೊರಗೆ ಇಬ್ಬರಿಗಿಂತ ಹೆಚ್ಚು ಮಂದಿ ನಿಲ್ಲುವಂತಿಲ್ಲ. ಹನ್ನೊಂದನೆಯ ಓವರಿನಿಂದ ನಲವತ್ತನೆಯದರವರೆಗೆ ನಾಲ್ವರು ನಿಲ್ಲಬಹುದು. ಕೊನೆಯ ಹತ್ತರಲ್ಲಿ ಐವರಿಗೆ ಅವಕಾಶವುಂಟು. ಇದಲ್ಲದೆ ಲೆಗ್ ಕಡೆಗೆ, ಎಂದರೆ ದಾಂಡಿಗನ ಬೆನ್ನ ಕಡೆಗೆ, ಒಟ್ಟು ಐವರಿಗಿಂತ ಹೆಚ್ಚು ಮಂದಿಯನ್ನು ನಿಲ್ಲಿಸಲಾಗದು. ಮಿತಿಯನ್ನು ಮೀರಿದರೆ ಅಂಪೈರ್ 'ನೋ ಬಾಲ್' ಎಂದು ಸಾರುತ್ತಾನೆ; ಎದುರಾಳಿಗೆ ಒಂದು ಓಟ ದಾನವಾಗುವುದಲ್ಲದೆ, ಮುಂದಿನ ಎಸೆತವನ್ನು ದಾಂಡಿಗನು ಔಟಾಗುವ ಭಯವಿಲ್ಲದೆ ಬೀಸಿ ಹೊಡೆಯಬಹುದು.

ಈ ಕಟ್ಟಳೆ ಏಕೆ ಬಂದಿತೆಂಬುದಕ್ಕೆ ಒಂದು ಹಳೆಯ ಪಂದ್ಯವೇ ಉತ್ತರ ಹೇಳುತ್ತದೆ. 1979ರ ನವೆಂಬರ್ 28ರಂದು ಸಿಡ್ನಿಯಲ್ಲಿ ಇಂಗ್ಲೆಂಡ್ ಮತ್ತು ವೆಸ್ಟ್ ಇಂಡೀಸ್ ತಂಡಗಳು ಎದುರಾದವು. ಕೊನೆಯ ಎಸೆತ ಉಳಿದಿದ್ದಾಗ ವೆಸ್ಟ್ ಇಂಡೀಸಿನ ಗೆಲುವಿಗೆ ಮೂರು ಓಟಗಳು ಬೇಕಾಗಿದ್ದವು. ಇಂಗ್ಲೆಂಡಿನ ನಾಯಕ ಮೈಕ್ ಬ್ರಿಯರ್ಲಿ ತನ್ನ ಕ್ಷೇತ್ರರಕ್ಷಕರೆಲ್ಲರನ್ನೂ ಬೌಂಡರಿಯ ಗೆರೆಗೆ ಕಳುಹಿಸಿದನು. ವಿಕೆಟ್ ಕೀಪರನೂ ಗೂಟಗಳ ಹಿಂದಿನ ತನ್ನ ಸ್ಥಾನವನ್ನು ತೊರೆದು ದೂರದ ಗೆರೆಯಲ್ಲಿ ಹೋಗಿ ನಿಂತನು. ಬಾಥಮ್ ಎಸೆದ ಚೆಂಡಿಗೆ ಕ್ರಾಫ್ಟ್ ಬೌಲ್ಡ್ ಆದುದರಿಂದ ಪಂದ್ಯವೇನೋ ಮುಗಿಯಿತು. ಬ್ರಿಯರ್ಲಿ ಅಂದಿನ ನಿಯಮವನ್ನು ಮುರಿಯಲಿಲ್ಲ. ಆದರೆ ಮೈದಾನದ ನಡುವೆ ಬೌಲರನೊಬ್ಬನೇ ಉಳಿದ ಆ ದೃಶ್ಯವು ಆಟದ ಒಂದು ಕೊರತೆಯನ್ನು ಎತ್ತಿ ತೋರಿಸಿತು. ಕಾವಲಿನವರೆಲ್ಲ ಗೆರೆಗೆ ಹೋಗಿ ನಿಂತರೆ ಕ್ಯಾಚ್ ಹಿಡಿಯುವವರಿಲ್ಲ, ದಾಂಡಿಗನನ್ನು ಕೆಣಕುವವರಿಲ್ಲ. ಒಂಟಿ ಓಟಗಳ ನೀರಸ ವ್ಯಾಪಾರವೇ ಆಟವಾಗಿಬಿಡುತ್ತದೆ. ವರ್ತುಲದ ಕಟ್ಟಳೆಯು ಈ ವ್ಯಾಪಾರಕ್ಕೆ ತಡೆಯೊಡ್ಡಿತು.

ಇನ್ನು ಮೊದಲ ಹತ್ತು ಓವರುಗಳನ್ನು ಗಮನಿಸೋಣ. ಹೊರಗೆ ಇಬ್ಬರಾದರೆ ಒಳಗೆ ಏಳು ಮಂದಿ. ಚೆಂಡು ಹೊಸದು, ಗಟ್ಟಿಯಾಗಿರುತ್ತದೆ, ಗಾಳಿಯಲ್ಲಿ ವಾಲುತ್ತದೆ. ಬಲಗೈ ದಾಂಡಿಗನಿಗೆ ವೇಗದ ಬೌಲರನು ಎಸೆಯುತ್ತಿರುವಾಗ ಬಹಳಷ್ಟು ನಾಯಕರು ಇಬ್ಬರನ್ನು ಸ್ಲಿಪ್ಪಿನಲ್ಲಿಯೂ, ಪಾಯಿಂಟ್, ಕವರ್, ಮಿಡ್ ಆಫ್, ಮಿಡ್ ಆನ್, ಮಿಡ್ ವಿಕೆಟ್ ಸ್ಥಾನಗಳಲ್ಲಿ ಒಬ್ಬೊಬ್ಬರನ್ನೂ ನಿಲ್ಲಿಸುತ್ತಾರೆ. ಹೊರಗಿನ ಇಬ್ಬರು ಗೂಟಗಳ ಹಿಂಬದಿಯ ಎರಡು ಮೂಲೆಗಳಲ್ಲಿ, ಥರ್ಡ್ ಮ್ಯಾನ್ ಮತ್ತು ಫೈನ್ ಲೆಗ್‌ಗಳಲ್ಲಿ, ಇರುತ್ತಾರೆ. ಹೊಸ ಚೆಂಡು ದಾಂಡಿನ ಅಂಚಿಗೆ ತಗುಲಿದಾಗ ಹಿಂದಕ್ಕೇ ವೇಗವಾಗಿ ಓಡುವುದರಿಂದ ಈ ಏರ್ಪಾಡು ಸಹಜವಾದುದು. ಇದರಲ್ಲಿ ತೆರೆದಿರುವ ದಾರಿ ಯಾವುದು? ಬೌಲರನ ಎರಡು ಪಕ್ಕಗಳಲ್ಲಿ ಮಿಡ್ ಆಫ್ ಮತ್ತು ಮಿಡ್ ಆನ್‌ಗಳ ತಲೆಯ ಮೇಲಿನ ದಾರಿ. ಆ ದಾರಿಯಲ್ಲಿ ಹೊಡೆಯಬೇಕಾದರೆ ದಾಂಡಿಗನು ವಾಲುವ ಚೆಂಡಿಗೆ ಅಡ್ಡಬಿದ್ದು ಎತ್ತಿ ಹೊಡೆಯಬೇಕು. ಸ್ವಲ್ಪ ತಪ್ಪಿದರೂ ಸ್ಲಿಪ್ಪಿನವನ ಕೈಗೆ ಚೆಂಡು ಹೋಗುತ್ತದೆ. ಹೀಗೆ ತೆರೆದಿಟ್ಟ ದಾರಿಯಲ್ಲಿಯೇ ಅಪಾಯವೂ ಅಡಗಿರುತ್ತದೆ. ಬೇಟೆಗಾರರು ಕಾಡನ್ನು ಮೂರು ಕಡೆಗಳಿಂದ ಸೋಹಿ, ನಾಲ್ಕನೆಯ ಕಡೆಯಲ್ಲಿ ಬಲೆ ಕಟ್ಟಿ ಕಾಯುವುದು ಇಂತಹುದೇ ಉಪಾಯ.

ಆದರೆ ಒಂದೆರಡು ಬಾರಿ ಚೆಂಡು ಮಿಡ್ ಆಫ್‌ನವನ ತಲೆಯ ಮೇಲಿಂದ ಹಾರಿ ಬೌಂಡರಿಗೆ ಹೋದೊಡನೆ ನಾಯಕನ ಮನಸ್ಸು ಅಳುಕುತ್ತದೆ. ಅವನು ಮಿಡ್ ಆಫ್‌ನವನನ್ನು ಗೆರೆಗೆ ಕಳುಹಿಸುತ್ತಾನೆ. ಹೊರಗೆ ಇಬ್ಬರೇ ಇರಬೇಕಾದುದರಿಂದ ಫೈನ್ ಲೆಗ್‌ನವನನ್ನು ಒಳಕ್ಕೆ ಕರೆಯಬೇಕಾಗುತ್ತದೆ. ಈ ಒಂದು ಬದಲಾವಣೆಯಿಂದ ಬೌಲರನ ಕೆಲಸವೇ ಬೇರೆಯಾಗುತ್ತದೆ. ಇದುವರೆಗೆ ಅವನು ಗೂಟಗಳ ನೇರಕ್ಕೆ ಎಸೆಯಬಹುದಾಗಿತ್ತು. ಚೆಂಡು ಕಾಲಿನತ್ತ ಸ್ವಲ್ಪ ಸರಿದರೂ ಹಿಂದೆ ಕಾವಲಿತ್ತು. ಈಗ ಕಾಲಿನತ್ತ ಹೋದ ಚೆಂಡನ್ನು ದಾಂಡಿಗನು ಮೆಲ್ಲನೆ ತಿರುಗಿಸಿದರೂ ನಾಲ್ಕು ಓಟಗಳು ನಿಶ್ಚಯ. ಆದುದರಿಂದ ಬೌಲರನು ಆಫ್ ಗೂಟದ ಹೊರಗೇ ಎಸೆಯಬೇಕು. ಹಾಗೆ ಎಸೆಯುತ್ತ ಹೋದರೆ ಎಲ್.ಬಿ.ಡಬ್ಲ್ಯು. ಮತ್ತು ಬೌಲ್ಡ್ ಆಗುವ ಸಾಧ್ಯತೆಗಳು ತಾವಾಗಿಯೇ ಕಡಿಮೆಯಾಗುತ್ತವೆ. ಒಬ್ಬ ಕ್ಷೇತ್ರರಕ್ಷಕನನ್ನು ಸರಿಸಿದುದಕ್ಕೆ ಬೌಲರನು ಎರಡು ಬಗೆಯ ವಿಕೆಟ್ಟುಗಳ ಬೆಲೆ ತೆತ್ತಂತಾಯಿತು. ಹೊಡೆತ ಹೋದ ಜಾಗಕ್ಕೆ ಕೂಡಲೇ ಕಾವಲು ಹಾಕುವ ನಾಯಕನದು ಊರು ಸೂರೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದ ಕಥೆ. ಆ ಹೊಡೆತ ಒಳ್ಳೆಯ ಎಸೆತಕ್ಕೆ ಬಿದ್ದುದೋ ಕೆಟ್ಟ ಎಸೆತಕ್ಕೆ ಬಿದ್ದುದೋ ಎಂಬುದನ್ನು ಅವನು ಮೊದಲು ವಿಚಾರಿಸಬೇಕು. ಕೆಟ್ಟ ಎಸೆತಕ್ಕೆ ತಕ್ಕ ವ್ಯೂಹವನ್ನು ಯಾವ ನಾಯಕನೂ ರಚಿಸಲಾರ.

ನಿಜವಾದ ಪರೀಕ್ಷೆ ಎದುರಾಗುವುದು ಹನ್ನೊಂದನೆಯ ಓವರಿನಿಂದ ಮುಂದಕ್ಕೆ. ಈಗ ಹೊರಗೆ ನಾಲ್ವರು, ಒಳಗೆ ಐವರು. ಹತ್ತನೆಯ ಓವರ್ ಮುಗಿದೊಡನೆ ಸ್ಲಿಪ್ಪನ್ನು ತೆಗೆದು, ಸಿಕ್ಕ ನಾಲ್ವರನ್ನೂ ನಾಲ್ಕು ದಿಕ್ಕುಗಳಿಗೆ ಅಟ್ಟುವುದು ಅನೇಕ ನಾಯಕರ ಅಭ್ಯಾಸ. ಅದು ಎಚ್ಚರಿಕೆಯಂತೆ ತೋರಿದರೂ ವಾಸ್ತವವಾಗಿ ಸೋಮಾರಿತನ. ನಾಲ್ವರಿಂದ ಇಡೀ ಗೆರೆಯನ್ನು ಕಾಯಲು ಸಾಧ್ಯವಿಲ್ಲ. ಅವರ ನಡುವಣ ಅಂತರಗಳು ಅಷ್ಟು ದೊಡ್ಡವು. ಎಲ್ಲ ಕಡೆಯೂ ಸ್ವಲ್ಪ ಸ್ವಲ್ಪ ಕಾಯಹೊರಟವನು ಯಾವ ಕಡೆಯನ್ನೂ ಪೂರ್ತಿ ಕಾಯಲಾರನು. ಒಳಗಿನ ಐವರೂ ವರ್ತುಲದ ಅಂಚಿಗೆ ಸರಿದು ನಿಂತರೆ ದಾಂಡಿಗನು ಚೆಂಡನ್ನು ಮೆಲ್ಲನೆ ತಳ್ಳಿ ಪ್ರತಿ ಓವರಿಗೂ ನಾಲ್ಕೈದು ಒಂಟಿ ಓಟಗಳನ್ನು ಅಪಾಯವಿಲ್ಲದೆ ದೋಚುತ್ತಾನೆ.

ಬಲ್ಲ ನಾಯಕನ ದಾರಿಯೇ ಬೇರೆ. ಅವನು ಮೊದಲು ಬೌಲರನನ್ನು ಕೇಳುತ್ತಾನೆ: 'ನೀನು ಚೆಂಡನ್ನು ಎಲ್ಲಿ ಹಾಕುವೆ?' ಆ ಉತ್ತರದಿಂದ ವ್ಯೂಹ ಹುಟ್ಟುತ್ತದೆ. ಬಲಗೈ ದಾಂಡಿಗನಿಗೆ ಆಫ್ ಸ್ಪಿನ್ ಬೌಲರನು ಗೂಟಗಳ ನೇರಕ್ಕೆ ಎಸೆಯುತ್ತಾನೆ ಎಂದಿಟ್ಟುಕೊಳ್ಳೋಣ. ಚೆಂಡು ಒಳಕ್ಕೆ ತಿರುಗುವುದರಿಂದ ಹೊಡೆತಗಳು ಬಹುಮಟ್ಟಿಗೆ ಲೆಗ್ ಕಡೆಗೇ ಹೋಗುತ್ತವೆ. ಆದುದರಿಂದ ಹೊರಗಿನ ನಾಲ್ವರಲ್ಲಿ ಮೂವರನ್ನು ಲೆಗ್ ಕಡೆಯ ಗೆರೆಯಲ್ಲಿ, ಲಾಂಗ್ ಆನ್, ಡೀಪ್ ಮಿಡ್ ವಿಕೆಟ್ ಮತ್ತು ಡೀಪ್ ಸ್ಕ್ವೇರ್ ಲೆಗ್ ಸ್ಥಾನಗಳಲ್ಲಿ, ನಿಲ್ಲಿಸಿ, ನಾಲ್ಕನೆಯವನನ್ನು ಡೀಪ್ ಕವರಿಗೆ ಕಳುಹಿಸಬಹುದು. ಒಳಗೆ ಸ್ಲಿಪ್, ಪಾಯಿಂಟ್, ಕವರ್, ಮಿಡ್ ಆಫ್ ಮತ್ತು ಹತ್ತಿರದ ಮಿಡ್ ವಿಕೆಟ್. ಇಲ್ಲಿ ಬೇಕೆಂದೇ ತೆರೆದಿಟ್ಟಿರುವುದು ಮಿಡ್ ಆಫ್‌ನ ಹಿಂದಿನ ಬಯಲು. ದಾಂಡಿಗನಿಗೆ ಅದು ಆಸೆ ಹುಟ್ಟಿಸುತ್ತದೆ. ಆದರೆ ಒಳಕ್ಕೆ ತಿರುಗುವ ಚೆಂಡನ್ನು ಆ ಕಡೆಗೆ ಎತ್ತಿ ಹೊಡೆಯುವುದೆಂದರೆ ತಿರುವಿಗೆ ಎದುರಾಗಿ ಈಜಿದಂತೆ. ಚೆಂಡು ತಿರುಗದೆ ನೇರವಾಗಿ ಹೋದರೆ ಸ್ಲಿಪ್ಪಿಗೆ, ಹೆಚ್ಚು ತಿರುಗಿದರೆ ಗೂಟಕ್ಕೆ. ಈ ವ್ಯೂಹ ಫಲ ಕೊಡಬೇಕಾದರೆ ಒಂದು ಷರತ್ತಿದೆ. ಬೌಲರನು ಚೆಂಡನ್ನು ಗಿಡ್ಡದಾಗಿ ಆಫ್ ಗೂಟದ ಹೊರಗೆ ಹಾಕಬಾರದು. ಹಾಕಿದರೆ ದಾಂಡಿಗನು ಹಿಂದೆ ಸರಿದು ಪಾಯಿಂಟಿನ ಪಕ್ಕದಲ್ಲಿ ಕತ್ತರಿಸಿ ಹೊಡೆಯುತ್ತಾನೆ, ಅಲ್ಲಿ ಗೆರೆಯಲ್ಲಿ ಯಾರೂ ಇರುವುದಿಲ್ಲ. ವ್ಯೂಹವೂ ಎಸೆತವೂ ಒಂದೇ ಮಾತನ್ನು ಆಡುತ್ತಿವೆಯೇ ಎಂದು ತಿಳಿಯಲು ಇದೇ ಒರೆಗಲ್ಲು: ಓಟಗಳು ಕಾವಲಿಲ್ಲದ ಕಡೆಯಲ್ಲಿ ಸುಲಭವಾಗಿ ಹರಿದುಬರುತ್ತಿದ್ದರೆ ಬೌಲರನು ಒಂದು ಕಡೆಗೆ, ನಾಯಕನು ಇನ್ನೊಂದು ಕಡೆಗೆ ಎಳೆಯುತ್ತಿದ್ದಾರೆ ಎಂದೇ ಅರ್ಥ.

ಇದಕ್ಕೆ ನಿದರ್ಶನವಾಗಿ 2023ರ ನವೆಂಬರ್ 19ರಂದು ಅಹಮದಾಬಾದಿನಲ್ಲಿ ನಡೆದ ವಿಶ್ವಕಪ್ಪಿನ ಅಂತಿಮ ಪಂದ್ಯವನ್ನು ತೆಗೆದುಕೊಳ್ಳಬಹುದು. ಆಸ್ಟ್ರೇಲಿಯದ ನಾಯಕ ಪ್ಯಾಟ್ ಕಮಿನ್ಸ್ ಟಾಸ್ ಗೆದ್ದು ಭಾರತಕ್ಕೆ ಮೊದಲು ಆಡಲು ಬಿಟ್ಟುಕೊಟ್ಟನು. ಹೊರಗೆ ಇಬ್ಬರೇ ಇದ್ದ ಮೊದಲ ಹತ್ತು ಓವರುಗಳಲ್ಲಿ ಭಾರತ 80 ಓಟಗಳನ್ನು ಗಳಿಸಿತು. ನಾಯಕ ರೋಹಿತ್ ಶರ್ಮ 31 ಎಸೆತಗಳಲ್ಲಿ 47 ಓಟಗಳನ್ನು ಹೊಡೆದನು. ಕಮಿನ್ಸ್ ಹತ್ತನೆಯ ಓವರನ್ನು ಆಫ್ ಸ್ಪಿನ್ ಬೌಲರನಾದ ಮ್ಯಾಕ್ಸ್‌ವೆಲ್ಲನಿಗೆ ಒಪ್ಪಿಸಿದ್ದನು. ರೋಹಿತ್ ಒಂದು ಸಿಕ್ಸರನ್ನೂ ಒಂದು ಬೌಂಡರಿಯನ್ನೂ ಹೊಡೆದು, ಮರು ಎಸೆತದಲ್ಲಿಯೇ ಮತ್ತೆ ಮುನ್ನುಗ್ಗಿ ಬೀಸಿದನು. ಚೆಂಡು ಮೇಲಕ್ಕೆ ಚಿಮ್ಮಿತು. ಕವರ್ ಬಳಿ ಒಳಗಿದ್ದ ಟ್ರಾವಿಸ್ ಹೆಡ್ ಹಿಂದಕ್ಕೆ ಓಡುತ್ತ ಹೋಗಿ ಅದನ್ನು ಹಿಡಿದನು. ಹೊರಗೆ ಕಾವಲಿಲ್ಲವೆಂಬ ಭರವಸೆಯ ಮೇಲೆ ಹೊಡೆದ ಹೊಡೆತಕ್ಕೆ ಒಳಗಿನವನ ಕಾಲುಗಳೇ ಉತ್ತರ ಕೊಟ್ಟವು.

ಅನಂತರ ನಡೆದುದು ಹೆಚ್ಚು ಗಮನಾರ್ಹವಾದುದು. ಹನ್ನೊಂದನೆಯ ಓವರಿನಲ್ಲಿ ನಿರ್ಬಂಧ ಸಡಿಲವಾಯಿತು. ಆದರೆ ಕಮಿನ್ಸನ ದಾಳಿ ಸಡಿಲವಾಗಲಿಲ್ಲ. ಆ ಓವರಿನ ಎರಡನೆಯ ಎಸೆತದಲ್ಲಿಯೇ ಶ್ರೇಯಸ್ ಅಯ್ಯರ್ ವಿಕೆಟ್ ಕೀಪರನಿಗೆ ಕ್ಯಾಚಿತ್ತು ಮರಳಿದನು. ಆಗ ಕೊಹ್ಲಿಯ ಜೊತೆಗೂಡಿದವನು ಕರ್ನಾಟಕದ ಕೆ. ಎಲ್. ರಾಹುಲ್. ಪಿಚ್ ನಿಧಾನವಾಗಿತ್ತು, ಚೆಂಡು ದಾಂಡಿನ ಕಡೆಗೆ ತಡೆದು ತಡೆದು ಬರುತ್ತಿತ್ತು. ಆಸ್ಟ್ರೇಲಿಯದ ವೇಗಿಗಳು ಇದನ್ನು ಅರಿತು ಚೆಂಡನ್ನು ಸ್ವಲ್ಪ ಗಿಡ್ಡವಾಗಿ, ವೇಗ ತಗ್ಗಿಸಿ, ಬೆರಳುಗಳಿಂದ ಕತ್ತರಿಸಿದಂತೆ ಹಾಕತೊಡಗಿದರು. ಅಂತಹ ಚೆಂಡನ್ನು ಮುಂದೆ ಬಂದು ನೇರವಾಗಿ ಹೊಡೆಯಲೂ ಆಗದು, ಹಿಂದೆ ಸರಿದು ಬಲವಾಗಿ ಎಳೆಯಲೂ ಆಗದು. ಹೊಡೆತಗಳು ಎಲ್ಲಿ ಹೋಗಬಲ್ಲವೋ ಅಲ್ಲಿಯೇ ಕಾವಲು ಕಾದಿತ್ತು. ನೇರವಾದ ಬಯಲು ತೆರೆದಿದ್ದರೂ ಅಲ್ಲಿಗೆ ಹೊಡೆಯಲು ತಕ್ಕ ಚೆಂಡೇ ಬರುತ್ತಿರಲಿಲ್ಲ. ಸತತವಾಗಿ 97 ಎಸೆತಗಳಲ್ಲಿ ಭಾರತಕ್ಕೆ ಒಂದು ಬೌಂಡರಿಯೂ ದೊರೆಯಲಿಲ್ಲ. ಕೊಹ್ಲಿ ಮತ್ತು ರಾಹುಲ್ ಜೊತೆಯಾಟದ 67 ಓಟಗಳಿಗೆ 109 ಎಸೆತಗಳು ಬೇಕಾದವು. ರಾಹುಲ್ 107 ಎಸೆತಗಳಲ್ಲಿ 66 ಓಟಗಳನ್ನು ಗಳಿಸಿದರೂ ಅವುಗಳಲ್ಲಿದ್ದುದು ಒಂದೇ ಬೌಂಡರಿ. ಸ್ವತಃ ಕಮಿನ್ಸ್ ತನ್ನ ಹತ್ತು ಓವರುಗಳಲ್ಲಿ ಒಂದು ಬೌಂಡರಿಯನ್ನೂ ಬಿಟ್ಟುಕೊಡದೆ 34 ಓಟಗಳಿಗೆ ಎರಡು ವಿಕೆಟ್ ಪಡೆದನು. ಅವುಗಳಲ್ಲಿ ಒಂದು ಕೊಹ್ಲಿಯದು: ಗಿಡ್ಡವಾಗಿ ಬಿದ್ದ ಚೆಂಡು ದಾಂಡಿನ ಅಂಚಿಗೆ ತಗುಲಿ ಗೂಟಕ್ಕೆ ಬಡಿಯಿತು.

ಮೊದಲ ಹತ್ತು ಓವರುಗಳಲ್ಲಿ 80 ಓಟ, ಮುಂದಿನ ಮೂವತ್ತರಲ್ಲಿ 117, ಕೊನೆಯ ಹತ್ತರಲ್ಲಿ 43. ಹೀಗೆ ಭಾರತದ ಮೊತ್ತ 240ಕ್ಕೆ ನಿಂತಿತು. ಮೊದಲ ಹತ್ತರಲ್ಲಿ ಒಂಬತ್ತು ಬೌಂಡರಿಗಳೂ ಮೂರು ಸಿಕ್ಸರುಗಳೂ ಬಂದಿದ್ದವು. ಉಳಿದ ನಲವತ್ತರಲ್ಲಿ ಬಂದುದು ನಾಲ್ಕೇ ಬೌಂಡರಿ. ಗೆರೆಯಲ್ಲಿ ಹೆಚ್ಚುವರಿಯಾಗಿ ನಿಂತ ಇಬ್ಬರು ಮೂವರಿಂದಲೇ ಇಷ್ಟು ವ್ಯತ್ಯಾಸ ಉಂಟಾಯಿತೆಂದು ಹೇಳುವಂತಿಲ್ಲ. ನಾಲ್ವರನ್ನು ಹೊರಗೆ ನಿಲ್ಲಿಸಿಯೂ ಓವರಿಗೆ ಏಳೆಂಟು ಓಟಗಳನ್ನು ತೆತ್ತ ತಂಡಗಳು ಬೇಕಾದಷ್ಟಿವೆ. ಇಲ್ಲಿ ಪಿಚ್ಚಿನ ಗುಣ, ಬೌಲರನ ಎಸೆತ, ನಾಯಕನ ವ್ಯೂಹ, ಈ ಮೂರೂ ಒಂದೇ ನೊಗಕ್ಕೆ ಹೆಗಲು ಕೊಟ್ಟಿದ್ದವು.

ಇದೇ ಪಂದ್ಯದ ಉತ್ತರಾರ್ಧವು ಈ ಮಾತಿನ ಮಿತಿಯನ್ನೂ ತೋರಿಸುತ್ತದೆ. 240 ದೊಡ್ಡ ಮೊತ್ತವಲ್ಲ. ಅದನ್ನು ಉಳಿಸಿಕೊಳ್ಳಲು ವಿಕೆಟ್ಟುಗಳನ್ನು ಕೀಳಲೇಬೇಕಾಗಿತ್ತು. ಭಾರತ ಸ್ಲಿಪ್ಪುಗಳನ್ನು ಇಟ್ಟುಕೊಂಡೇ ದಾಳಿ ಮಾಡಿತು. ವಾರ್ನರ್ ಸ್ಲಿಪ್ಪಿನಲ್ಲಿದ್ದ ಕೊಹ್ಲಿಗೆ ಕ್ಯಾಚಿತ್ತನು. ಏಳು ಓವರುಗಳು ಮುಗಿಯುವಷ್ಟರಲ್ಲಿ ಆಸ್ಟ್ರೇಲಿಯ 47 ಓಟಗಳಿಗೆ ಮೂರು ವಿಕೆಟ್ಟುಗಳನ್ನು ಕಳೆದುಕೊಂಡಿತ್ತು. ಆದರೆ ರಾತ್ರಿಯಾದಂತೆ ಇಬ್ಬನಿ ಬಿತ್ತು. ಒದ್ದೆಯಾದ ಚೆಂಡು ಸ್ಪಿನ್ನರುಗಳ ಬೆರಳಿಗೆ ಹಿಡಿತ ಕೊಡಲಿಲ್ಲ. ಹಗಲಿನಲ್ಲಿ ತಡೆದು ಬರುತ್ತಿದ್ದ ಚೆಂಡು ಈಗ ದಾಂಡಿಗೆ ನೇರವಾಗಿ ಬಂದಿತು. ಹೆಡ್ 137 ಓಟಗಳನ್ನು ಹೊಡೆದು ತನ್ನ ತಂಡವನ್ನು ಆರು ವಿಕೆಟ್ಟುಗಳಿಂದ ಗೆಲ್ಲಿಸಿದನು. ಎಸೆತದಲ್ಲಿ ಮೊನೆ ಉಳಿಯದಿದ್ದಾಗ ಯಾವ ವ್ಯೂಹವೂ ರಕ್ಷಿಸಲಾರದು. ಬೇಲಿ ಎಷ್ಟೇ ಚೆನ್ನಾಗಿದ್ದರೂ ಹೊಲವನ್ನು ಉಳುವ ಕೆಲಸ ಅದರದಲ್ಲ.

ಕೊನೆಯ ಹತ್ತು ಓವರುಗಳಲ್ಲಿ ಹೊರಗೆ ಐವರು, ಒಳಗೆ ನಾಲ್ವರು. ಈಗ ದಾಂಡಿಗರು ಪ್ರತಿ ಎಸೆತವನ್ನೂ ಬೀಸುತ್ತಾರೆ. ಬೌಲರನ ಮುಂದೆ ಮುಖ್ಯವಾಗಿ ಎರಡು ದಾರಿಗಳಿವೆ. ಒಂದು, ಚೆಂಡನ್ನು ದಾಂಡಿಗನ ಕಾಲ ಬುಡಕ್ಕೆ ನೇರವಾಗಿ ಹಾಕುವ ಯಾರ್ಕರ್. ಆಗ ಲಾಂಗ್ ಆಫ್, ಲಾಂಗ್ ಆನ್, ಡೀಪ್ ಮಿಡ್ ವಿಕೆಟ್ ಮುಂತಾದ ಎದುರಿನ ಗೆರೆಗಳಿಗೆ ಕಾವಲು ಬೇಕು. ಇನ್ನೊಂದು, ಅದನ್ನೇ ಆಫ್ ಗೂಟದಿಂದ ಬಹುದೂರಕ್ಕೆ ಹಾಕುವುದು. ಆಗ ಥರ್ಡ್ ಮ್ಯಾನ್, ಡೀಪ್ ಪಾಯಿಂಟ್, ಡೀಪ್ ಕವರ್ ಹೀಗೆ ಆಫ್ ಕಡೆಯೇ ತುಂಬಬೇಕು. ಲೆಗ್ ಕಡೆ ಬಹುಮಟ್ಟಿಗೆ ಬರಿದು. ಎರಡನೆಯ ವ್ಯೂಹವನ್ನು ರಚಿಸಿ ಚೆಂಡನ್ನು ಕಾಲಿನತ್ತ ಎಸೆದ ಬೌಲರನು ತನ್ನ ಮನೆಯ ಬೀಗದ ಕೈಯನ್ನು ತಾನೇ ಕಳ್ಳನಿಗೆ ಕೊಟ್ಟಂತೆ. ಅದಲ್ಲದೆ ದಾಂಡಿಗನೂ ಕುರುಡನಲ್ಲ. ವ್ಯೂಹವನ್ನು ನೋಡಿಯೇ ಅವನು ಮುಂದಿನ ಎಸೆತವನ್ನು ಊಹಿಸುತ್ತಾನೆ. ಆದುದರಿಂದ ಒಮ್ಮೊಮ್ಮೆ ಯಾರ್ಕರಿಗೆ ತಕ್ಕ ವ್ಯೂಹವನ್ನು ತೋರಿಸಿ, ವೇಗ ತಗ್ಗಿಸಿದ ಗಿಡ್ಡ ಚೆಂಡನ್ನು ಎಸೆಯುವುದೂ ಉಂಟು. ಅಹಮದಾಬಾದಿನಲ್ಲಿಯೇ ನಲವತ್ತೆಂಟನೆಯ ಓವರಿನಲ್ಲಿ ಹೇಜಲ್‌ವುಡ್ ಎಸೆದ ಅಂತಹ ನಿಧಾನದ ಬೌನ್ಸರ್ ಸೂರ್ಯಕುಮಾರ್ ಯಾದವನ ದಾಂಡಿಗೆ ಸವರಿ ವಿಕೆಟ್ ಕೀಪರನ ಕೈ ಸೇರಿತು.

ಈ ನಿಯಮವು ಆಗಾಗ ಬದಲಾಗುತ್ತ ಬಂದಿದೆ. 2012ರ ಅಕ್ಟೋಬರಿನಿಂದ ಕೊನೆಯ ಓವರುಗಳಲ್ಲಿಯೂ ಹೊರಗೆ ನಾಲ್ವರಿಗೆ ಮಾತ್ರ ಅವಕಾಶವಿತ್ತು. ಬೌಲರುಗಳು ಆಗ ಪಟ್ಟ ಪಾಡು ಸಣ್ಣದಲ್ಲ. 2013ರ ನವೆಂಬರ್ 2ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಆಸ್ಟ್ರೇಲಿಯದ ವಿರುದ್ಧ ರೋಹಿತ್ ಶರ್ಮ ಹದಿನಾರು ಸಿಕ್ಸರುಗಳೊಡನೆ 209 ಓಟಗಳನ್ನು ಹೊಡೆದುದು ಆ ನಿಯಮದ ಕಾಲದಲ್ಲಿಯೇ. 2015ರ ಜುಲೈಯಲ್ಲಿ ಕೊನೆಯ ಹತ್ತು ಓವರುಗಳಿಗೆ ಐದನೆಯವನನ್ನು ಮರಳಿಸಿದುದು ನ್ಯಾಯವಾದ ತಿದ್ದುಪಡಿ. ಆಗ ದಾಂಡಿಗನು ಹೇಗೂ ಅಪಾಯವನ್ನು ಎದುರಿಸಲು ಸಿದ್ಧನಾಗಿರುತ್ತಾನೆ. ಗೆರೆಯಲ್ಲಿ ಕ್ಯಾಚ್ ಹಿಡಿಯಲು ಇನ್ನೊಬ್ಬನಿರುವುದು ಪೈಪೋಟಿಯನ್ನು ಹೆಚ್ಚಿಸುತ್ತದೆ. ಆದರೆ ಇದೇ ಸೌಲಭ್ಯವನ್ನು ನಡುವಣ ಮೂವತ್ತು ಓವರುಗಳಿಗೂ ಕೊಡಬೇಕೆಂಬ ವಾದವನ್ನು ಒಪ್ಪಲಾಗದು. ಅಲ್ಲಿ ದಾಂಡಿಗನಿಗೆ ಅವಸರವಿರುವುದಿಲ್ಲ. ಐದನೆಯವನು ಗೆರೆಗೆ ಹೋದರೆ ಒಳಗಿನಿಂದ ಮಾಯವಾಗುವವನು ಬಹುಶಃ ಸ್ಲಿಪ್ಪಿನವನೇ. ಬೌಲರನಿಗೆ ಬೌಂಡರಿಯ ಭಯ ತಪ್ಪುತ್ತದೆ. ಅದರೊಡನೆ ವಿಕೆಟ್ಟಿನ ಆಸೆಯೂ ತಪ್ಪುತ್ತದೆ. ನಾಲ್ವರೇ ಎಂಬ ಮಿತಿಯಿಂದಾಗಿ ನಾಯಕನು ಆಯ್ಕೆ ಮಾಡಲೇಬೇಕಾಗುತ್ತದೆ. ಆಯ್ಕೆ ಮಾಡುವಾಗ ಅವನು ತನ್ನ ಬೌಲರನನ್ನು ನಂಬಲೇಬೇಕಾಗುತ್ತದೆ.

ಸಿಡ್ನಿಯಲ್ಲಿ ಬ್ರಿಯರ್ಲಿಗೆ ಯಾವ ಮಿತಿಯೂ ಇರಲಿಲ್ಲ. ಅವನು ಎಲ್ಲರನ್ನೂ ಗೆರೆಗೆ ಅಟ್ಟಿದನು. ಆದರೂ ಅಂದು ಪಂದ್ಯವನ್ನು ಮುಗಿಸಿದುದು ಗೆರೆಯಲ್ಲಿ ನಿಂತವರಾರೂ ಅಲ್ಲ, ಗೂಟಕ್ಕೆ ಬಡಿದ ಬಾಥಮನ ಎಸೆತ. ಅಹಮದಾಬಾದಿನಲ್ಲಿ ಕಮಿನ್ಸನಿಗೆ ಮಿತಿಯಿತ್ತು. ಅವನು ಅದರೊಳಗೇ ಚೆಂಡು ಹೋಗುವ ದಾರಿಯನ್ನು ಮೊದಲು ನಿಶ್ಚಯಿಸಿ, ಅನಂತರ ಕಾವಲಿನವರನ್ನು ನಿಲ್ಲಿಸಿದನು. ಒಂಬತ್ತು ಮಂದಿಯ ಬೇಲಿಯಲ್ಲಿ ಕಂಡಿ ಇದ್ದೇ ಇರುತ್ತದೆ. ಆ ಕಂಡಿ ದಾಂಡಿಗನಿಗೆ ಬೇಕಾದ ಕಡೆ ಇರಬೇಕೋ ಬೌಲರನಿಗೆ ಬೇಕಾದ ಕಡೆ ಇರಬೇಕೋ ಎಂಬುದನ್ನು ನಿಯಮವು ನಾಯಕನಿಗೇ ಬಿಟ್ಟಿದೆ.